ಎರಡು ಲೋಡು ಕಳ್ಳು

ನಮ್ಮ ಭಾವ ಕುಡಿಯುವವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಓದುತ್ತಾ ಹೋದಂತೆ ನಿಮಗೆ ಬೇರೆ ಅಭಿಪ್ರಾಯ ಬರಬಹುದು, ನಮ್ಮ ಅಕ್ಕನಿಗೆ ಬಂದ ಹಾಗೆ.

ಭಾವ ತುಮಕೂರಿನ ಹತ್ತಿರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಓದುವ ಕಾಲದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗಿ ಸೀನಿಯರ್ ಪಾಸು ಮಾಡಿದವರು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಮೊಬೈಲ್ ಹಿಡಿದರೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ. ಎರಡು ಹೆಬ್ಬೆರಳಲ್ಲಿ ಟಕಟಕ ಅಂತ ಕುಟ್ಟುತ್ತಾರೆ, ಪದ ಮುಗಿದ ತಕ್ಷಣ ಸ್ಪೇಸ್ ಮೇಲೆ ಒಂದು ಗುದ್ದು. ಕಣ್ಣೆಲ್ಲ ಕೀಲಿಗಳ ಮೇಲೆ. ಮೇಲೆ ಏನು ಮೂಡಿದೆ ಅಂತ ನೋಡುವುದೇ ಇಲ್ಲ. ಟೈಪ್‌ರೈಟರಿನಲ್ಲಿ ನೋಡುವ ಅಗತ್ಯವೇ ಇರಲಿಲ್ಲ ಅಲ್ವಾ, ಕ ಒತ್ತಿದರೆ ಕ ಬೀಳುತ್ತಿತ್ತು. ಅದು ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ.

ಸ್ಮಾರ್ಟ್‌ಫೋನ್ ಬಂದ ಹೊಸದರಲ್ಲಿ ಭಾವ ಎಲ್ಲರ ಹಾಗೆ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಒಂದು ದಿನ ಸಂಘದ ಅಧ್ಯಕ್ಷರು, "ಸಂಜೆ ಸಾಲದ ವಸೂಲಿ ಸಭೆ ಇದೆ, ಬರ್ತೀರಾ?" ಅಂತ ಕೇಳಿದರು. ಭಾವ ಹೊಡೆದದ್ದು `naanu barthini`. ಹೋದದ್ದು `Naan Martini`.

ಅಧ್ಯಕ್ಷರು ಹಿರಿಯರು, ಮರ್ಯಾದಸ್ಥರು. ಒಂದು ಗಂಟೆ ಉತ್ತರ ಕೊಡಲಿಲ್ಲ. ಆಮೇಲೆ "ಸಭೆ ಮುಗಿದ ಮೇಲೆ ನೋಡೋಣ" ಅಂತ ಬರೆದರು.

ಹೀಗೆ ಯಾಕಾಯಿತು ಅಂತ ನನ್ನ ಅಳಿಯ, ಅಂದರೆ ಅಕ್ಕನ ಮಗ, ಎಂಜಿನಿಯರಿಂಗ್ ಓದುವವನು, ಊಟಕ್ಕೆ ಕೂತಾಗ ಬಿಡಿಸಿ ಹೇಳಿದ. ಫೋನಿನ ಕೀಬೋರ್ಡಿನೊಳಗೆ ಒಂದು ಪದಗಳ ಪಟ್ಟಿ ಇರುತ್ತೆ. ನಾವು ಬರೆದ ಪದ ಅದರಲ್ಲಿ ಇಲ್ಲ ಅಂದರೆ, ಇವರು ಬೆರಳು ಜಾರಿಸಿದ್ದಾರೆ ಅಂತ ಅದು ತೀರ್ಮಾನ ಮಾಡುತ್ತೆ. ಆಮೇಲೆ ಹತ್ತಿರದ ಪದ ಹುಡುಕುತ್ತೆ. ಹತ್ತಿರ ಅಂದರೆ ಎಷ್ಟು ಅಕ್ಷರ ತೆಗೆದರೆ, ಸೇರಿಸಿದರೆ, ಬದಲಿಸಿದರೆ ಪಟ್ಟಿಯಲ್ಲಿರುವ ಪದವಾಗುತ್ತೆ ಅನ್ನುವ ಲೆಕ್ಕ. ಜೊತೆಗೆ ಯಾವ ಕೀಲಿ ಯಾವುದರ ಪಕ್ಕ ಇದೆ ಅನ್ನುವುದೂ ಬರುತ್ತೆ, ಜನ ಆ ಪದವನ್ನು ಎಷ್ಟು ಬಳಸುತ್ತಾರೆ ಅನ್ನುವುದೂ ಬರುತ್ತೆ. `naanu` ಇಂದ ಕೊನೆಯ ಒಂದು ಅಕ್ಷರ ತೆಗೆದರೆ ನಾನ್ ರೊಟ್ಟಿ. `barthini` ಇಂದ ಒಂದು ಅಕ್ಷರ ತೆಗೆದು, ಕೀಬೋರ್ಡಿನ ಕೆಳಸಾಲಿನಲ್ಲಿ ಸ್ವಲ್ಪ ಬಲಕ್ಕೆ ಸರಿದರೆ ಮಾರ್ಟಿನಿ. ಫೋನಿನ ಕಡೆಯಿಂದ ನೋಡಿದರೆ ತುಮಕೂರಿನ ಮನುಷ್ಯನೊಬ್ಬ ಒಟ್ಟು ಮೂರು ಅಕ್ಷರ ತಪ್ಪಿದ್ದಾನೆ, ಪಾಪ, ಸರಿ ಮಾಡಿಕೊಟ್ಟಿದ್ದೇನೆ.

"ಮಾರ್ಟಿನಿ ಅಂದರೇನು?" ಅಂತ ಅಕ್ಕ ಕೇಳಿದಳು.

"ಅದೊಂದು ತರಹದ ಡ್ರಿಂಕ್ಸ್" ಅಂದ ಅಳಿಯ.

ಅಕ್ಕ ಭಾವನನ್ನು ಒಂದು ಸಲ ನೋಡಿ ಸಾರು ಬಡಿಸಿದಳು. ವಿಷಯ ಅಲ್ಲಿಗೆ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡೆವು.

ಮುಗಿಯಲಿಲ್ಲ. ಮುಂದಿನ ವಾರ ಸಂಘದ ನಿರ್ದೇಶಕರಿಗೆಲ್ಲ `naale meeting ide banni` ಅಂತ ಕಳಿಸಲು ಹೋಗಿ `Male meeting die Bunny` ಅಂತ ಕಳಿಸಿದರು. ಇರುವ ಒಬ್ಬರೇ ಮಹಿಳಾ ನಿರ್ದೇಶಕರು, "ಗಂಡಸರಿಗೆ ಮಾತ್ರ ಸಭೆ ಅಂದರೆ ಏನರ್ಥ?" ಅಂತ ಫೋನ್ ಮಾಡಿ ದಬಾಯಿಸಿದರು. ಕೊನೆಯ ಎರಡು ಪದಗಳ ಬಗ್ಗೆ ಯಾರೂ ಕೇಳಲಿಲ್ಲ. ಇದು ನನಗೆ ಇವತ್ತಿಗೂ ಆಶ್ಚರ್ಯ.

ಭಾವನಿಗೆ ಸಮಾಧಾನ ಹೇಳಲು ನಾನು ಒಂದು ಹಳೆಯ ಕಥೆ ಹೇಳಿದೆ. ಅದು ಸಹಕಾರಕ್ಕೇ ಸಂಬಂಧಪಟ್ಟದ್ದು, ಅದಕ್ಕೇ ನೆನಪಾದದ್ದು. ಹಿಂದೆ ಕಂಪ್ಯೂಟರಿನ ಕೆಲವು ಸ್ಪೆಲ್ಲಿಂಗ್ ಪಟ್ಟಿಗಳಲ್ಲಿ ಸಹಕಾರ ಅನ್ನುವ ಇಂಗ್ಲಿಷ್ ಪದ ನಡುವೆ ಒಂದು ಅಡ್ಡಗೆರೆ ಇಟ್ಟು `co-operation` ಅಂತ ಮಾತ್ರ ಇತ್ತು. ಅಡ್ಡಗೆರೆ ಬಿಟ್ಟು `cooperation` ಅಂತ ಬರೆದರೆ ತಪ್ಪು ಅನ್ನುತ್ತಿತ್ತು, ಬದಲಿಗೆ `Cupertino` ಹಾಕಿ ಅಂತ ಸೂಚಿಸುತ್ತಿತ್ತು. ಅದು ಕ್ಯಾಲಿಫೋರ್ನಿಯಾದ ಒಂದು ಊರು, ಆ್ಯಪಲ್ ಕಂಪನಿಯ ಮುಖ್ಯ ಕಚೇರಿ ಇರುವ ಊರು. ಟೈಪ್ ಮಾಡುವವರು ನೋಡದೆ ಸರಿ ಅಂತ ಒತ್ತಿಬಿಡುತ್ತಿದ್ದರು. ವಿಶ್ವಸಂಸ್ಥೆ, ನೇಟೋ, ಯುರೋಪಿಯನ್ ಒಕ್ಕೂಟ ಇಂಥವರ ಕಾಗದಪತ್ರಗಳಲ್ಲೇ ದೇಶದೇಶಗಳ ನಡುವಿನ ಸಹಕಾರ ಹೋಗಿ ದೇಶದೇಶಗಳ ನಡುವಿನ ಕುಪರ್ಟಿನೋ ಆಗಿ ಕೂತಿತ್ತು. ಈ ತರಹದ ಎಡವಟ್ಟಿಗೆ ಆ ಊರಿನ ಹೆಸರೇ ನಿಂತುಹೋಗಿದೆ, ಕುಪರ್ಟಿನೋ ಎಫೆಕ್ಟ್ ಅಂತ.

ಭಾವ ಗಂಭೀರವಾಗಿ ಕೇಳಿಸಿಕೊಂಡರು. "ಅಂದರೆ ನಮ್ಮದು ಪತ್ತಿನ ಕುಪರ್ಟಿನೋ ಸಂಘ" ಅಂದರು. ಅವರಿಗೆ ಖುಷಿಯಾಗಿತ್ತು. ನೇಟೋ ಜೊತೆ ಒಂದೇ ದೋಣಿಯಲ್ಲಿ ಇರುವುದು ಅಂದರೆ ಸಣ್ಣ ವಿಷಯವಾ?

ಅಳಿಯ ಸುಲಭವಾಗಿ ಎರಡು ದಾರಿ ಹೇಳಿದ. ಫೋನ್ ತಾನಾಗಿ ತಿದ್ದಿದ ತಕ್ಷಣ, ಮುಂದಿನ ಅಕ್ಷರ ಹೊಡೆಯುವ ಮೊದಲು, ಬ್ಯಾಕ್‌ಸ್ಪೇಸ್ ಒತ್ತಿದರೆ ನೀವು ಬರೆದದ್ದೇ ವಾಪಸ್ ಬರುತ್ತೆ. ಇಲ್ಲವೇ ಸೆಟಿಂಗ್ಸ್‌ಗೆ ಹೋಗಿ `Auto-correction` ಅನ್ನುವುದನ್ನೇ ಆರಿಸಿಬಿಡಬಹುದು. ಮೊದಲನೆಯದಕ್ಕೆ ಪರದೆ ನೋಡಬೇಕು, ಅದು ಆಗದ ಮಾತು. ಎರಡನೆಯದಕ್ಕೆ ಭಾವ ಒಪ್ಪಲಿಲ್ಲ. ಬೆಂಗಳೂರಿಗೆ ಇಂಗ್ಲಿಷಲ್ಲಿ ಕಾಗದ ಬರೆಯುವಾಗ ಅದರಿಂದ ಸ್ಪೆಲ್ಲಿಂಗ್ ಸರಿಹೋಗುತ್ತೆ, ಇರಲಿ ಅಂದರು. ಅದು ಹಾಗೇ ಉಳಿಯಿತು. ಇದನ್ನು ನೆನಪಿಟ್ಟುಕೊಳ್ಳಿ.

ಕೊನೆಗೆ ಅಳಿಯ ಅಪ್ಪನ ಫೋನಿಗೆ ಕನ್ನಡ ಕೀಬೋರ್ಡ್ ಸೇರಿಸಿದ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ತರಹದ್ದು. `banni` ಅಂತ ಹೊಡೆದರೆ ಬನ್ನಿ. ಮೊಲ ಇಲ್ಲ, ಸಾವು ಇಲ್ಲ. ಭಾವ ಒಂದು ವಾರ ಮನೆಯಲ್ಲಿ ಇದ್ದವರಿಗೂ ಮೆಸೇಜಲ್ಲೇ ಮಾತಾಡಿದರು. "ಕಾಫಿ ಆಯಿತಾ?" ಅಂತ ಹಾಲಿನಿಂದ ಅಡುಗೆಮನೆಗೆ ಮೆಸೇಜು ಬರುತ್ತಿತ್ತು.

ಆದರೆ ಈ ಕೀಬೋರ್ಡಿನಲ್ಲಿ ಬೇರೆ ತರಹದ ಗುಂಡಿ ತೋಡಿಟ್ಟಿತ್ತು. ಕನ್ನಡದಲ್ಲಿ ಲ ಬೇರೆ, ಳ ಬೇರೆ. ನ ಬೇರೆ, ಣ ಬೇರೆ. ಇಂಗ್ಲಿಷಿನಲ್ಲಿ ಲಕಾರ ಒಂದೇ, ನಕಾರವೂ ಒಂದೇ. ನುಡಿ ತಂತ್ರಾಂಶದಲ್ಲಿ ಇದಕ್ಕೆ ದಾರಿ ಇದೆ. ಕೆ.ಪಿ. ರಾವ್ ಅವರು ಕೀಲಿಗಳನ್ನು ಜೋಡಿಸಿಕೊಟ್ಟದ್ದೇ ಹಾಗೆ, ಸುಮ್ನೆ `l` ಒತ್ತಿದರೆ ಲ, ಶಿಫ್ಟ್ ಹಿಡಿದು ಒತ್ತಿದರೆ ಳ. ಬರಹ ಅನ್ನುವ ಇನ್ನೊಂದು ತಂತ್ರಾಂಶದಲ್ಲೂ ಹೀಗೇ. ಅಲ್ಲಿ `hAlu` ಅಂದರೆ ಹಾಲು, `hALu` ಅಂದರೆ ಹಾಳು, ನಡುವೆ ಯಾರ ಊಹೆಯೂ ಇಲ್ಲ. ಫೋನಿನಲ್ಲಿ ಶಿಫ್ಟ್ ಹಿಡಿಯುವ ತಾಳ್ಮೆ ಯಾರಿಗಿದೆ? ಎಲ್ಲರೂ ಸಣ್ಣ ಅಕ್ಷರದಲ್ಲೇ ಸರಸರ ಹೊಡೆಯುತ್ತಾರೆ. ಹಾಗಾಗಿ `haalu` ಅಂತ ಹೊಡೆದಾಗ ನಿಮ್ಮ ಮನಸ್ಸಿನಲ್ಲಿ ಇರುವುದು ಹಾಲೋ ಹಾಳೋ ಅಂತ ಫೋನೇ ಊಹಿಸಬೇಕು. ಮೇಲಿನ ಪಟ್ಟಿಯಲ್ಲಿ ಎರಡನ್ನೂ ಸಾಲಾಗಿ ಇಟ್ಟಿರುತ್ತೆ. ನೋಡಿ ಆರಿಸಿದರೆ ಸರಿ. ನೋಡದೆ ಸ್ಪೇಸ್ ಗುದ್ದಿದರೆ ಮೊದಲು ನಿಂತ ಪದ ಒಳಗೆ ಹೋಗುತ್ತೆ.

ಅಂದ ಹಾಗೆ ಈ ಸ್ಪೇಸ್ ಗುದ್ದುವ ವ್ಯವಸ್ಥೆಗೂ ಒಬ್ಬ ಮೂಲಪುರುಷ ಇದ್ದಾರೆ. ಡೀನ್ ಹಚಮೊವಿಚ್ ಅಂತ, 1990ರ ದಶಕದ ಆರಂಭದಲ್ಲಿ ಮೈಕ್ರೋಸಾಫ್ಟ್ ವರ್ಡ್ ತಂಡದಲ್ಲಿ ಇದ್ದವರು. ಜನ ಅವಸರದಲ್ಲಿ `the` ಬದಲು `teh` ಅಂತ ಹೊಡೆಯುವುದನ್ನು ತಿದ್ದಬೇಕಿತ್ತು. ತಿದ್ದಲು ಬೇರೆ ಕೀಲಿ ಒತ್ತಿ ಅಂದರೆ ಯಾರು ಒತ್ತುತ್ತಾರೆ? ಪದ ಮುಗಿದಾಗ ಹೇಗೂ ಎಲ್ಲರೂ ಸ್ಪೇಸ್ ಒತ್ತುತ್ತಾರಲ್ಲ, ತಿದ್ದುವ ಕೆಲಸವನ್ನು ಅದಕ್ಕೇ ಕಟ್ಟಿಬಿಟ್ಟರು. ಐಡಿಯಾ ಚೆನ್ನಾಗಿಯೇ ಇದೆ. ಸೀನಿಯರ್ ಟೈಪಿಂಗ್ ಪಾಸಾದ ನಮ್ಮ ಭಾವನ ಹೆಬ್ಬೆರಳು ಅವರ ಲೆಕ್ಕದಲ್ಲಿ ಇರಲಿಲ್ಲ ಅಷ್ಟೇ.

ಭಾವ ಆ ವರ್ಷ ಮನೆ ಕಟ್ಟಲು ಶುರು ಮಾಡಿದ್ದರು. ಊರ ಹೊರಗೆ 30-40 ಸೈಟು. ಪಾಯ ಅಗೆದಾಗಿತ್ತು, ಸೈಜುಗಲ್ಲು ಬರಬೇಕಿತ್ತು. ರಾತ್ರಿ ಊಟದ ಹೊತ್ತಿಗೆ ಕಲ್ಲಿನವನಿಗೆ ಮೆಸೇಜು ಹಾಕಿದರು. "ನಾಳೆ ಬೆಳಿಗ್ಗೆ ಎರಡು ಲೋಡು ಕಳ್ಳು ಕಳಿಸಿ. ಮೇಸ್ತ್ರಿ, ಆಳುಗಳು ಎಲ್ಲ ಕಾಯುತ್ತಿರುತ್ತಾರೆ. ದುಡ್ಡು ಸೈಟಲ್ಲೇ ಕೊಡುತ್ತೇನೆ."

ಐದು ನಿಮಿಷಕ್ಕೆ ವಾಯ್ಸ್ ಮೆಸೇಜು ಬಂತು. ಭಾವ ತಟ್ಟೆ ಮುಂದೆಯೇ ಸ್ಪೀಕರಿನಲ್ಲಿ ಹಾಕಿದರು. "ಸ್ವಾಮಿ, ಎರಡು ಲೋಡಾ? ಎಷ್ಟು ಜನ ಇದ್ದೀರಾ? ಬೆಳಿಗ್ಗೆ ಬೆಳಿಗ್ಗೆನೇ ಶುರು ಹಚ್ಕೋಬೇಡಿ, ಪಾಯ ಸೊಟ್ಟ ಆಗುತ್ತೆ."

ಎಲ್ಲರೂ ನಕ್ಕೆವು. ನಾನು ಆವತ್ತು ಅಲ್ಲೇ ಇದ್ದೆ, ಅನ್ನ ನೆತ್ತಿಗೇರುವಷ್ಟು ನಕ್ಕೆ. ಅಕ್ಕನೂ ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮನೆಯಲ್ಲಿ ಎಂಜಿನಿಯರಿಂಗ್ ಓದುವ ಮಗ ಇದ್ದರೆ ಯಾವುದನ್ನೂ ಅಷ್ಟಕ್ಕೇ ಬಿಡುವುದಿಲ್ಲ.

"ಇದು ವಿಚಿತ್ರ" ಅಂದ ಅಳಿಯ, ಫೋನ್ ಕೈಗೆ ತಗೊಂಡು. "ಕನ್ನಡದಲ್ಲಿ ಕಲ್ಲು ಅನ್ನುವ ಪದ ಕಳ್ಳುಗಿಂತ ಎಷ್ಟೋ ಜಾಸ್ತಿ ಬಳಕೆ. ಹೊಸ ಕೀಬೋರ್ಡ್ ಆಗಿದ್ದರೆ ಕಲ್ಲೇ ಮೊದಲು ಬರಬೇಕು. ನನ್ನ ಫೋನಲ್ಲಿ ನೋಡಿ, ಕಲ್ಲು. ಮಾವ, ನಿಮ್ಮದರಲ್ಲಿ?"

ನನ್ನದರಲ್ಲೂ ಕಲ್ಲು. ಅಕ್ಕನದರಲ್ಲೂ ಕಲ್ಲು.

"ಅಂದರೆ ಇದು ಕಲಿತಿದೆ" ಅಂದ. "ನಾವು ಪಟ್ಟಿಯಲ್ಲಿ ಯಾವ ಪದ ಆರಿಸುತ್ತೇವೋ ಅದನ್ನ ಫೋನ್ ನೆನಪಿಟ್ಟುಕೊಳ್ಳುತ್ತೆ. ಮುಂದಿನ ಸಲ ಅದನ್ನೇ ಮುಂದೆ ತಂದು ನಿಲ್ಲಿಸುತ್ತೆ. ಅಪ್ಪ, ನೀನು ಈ ಮೊದಲು ಕಳ್ಳು ಅಂತ ಆರಿಸಿರಬೇಕು. ಒಂದೇ ಸಲ ಅಲ್ಲ, ಮೂರ್ನಾಲ್ಕು ಸಲ."

ಊಟದ ಮನೆಯಲ್ಲಿ ಫ್ಯಾನ್ ತಿರುಗುವ ಸದ್ದು ಕೇಳಿಸಿತು.

"ರೀ" ಅಂದಳು ಅಕ್ಕ, "ಯಾವಾಗ ಆರಿಸಿದ್ರಿ?"

ಭಾವ ಮಜ್ಜಿಗೆ ಕುಡಿದರು. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿಯುತ್ತಲೇ ಇದ್ದರು. ಕೊನೆಗೆ ಹೊರಬಿದ್ದದ್ದು ಇಷ್ಟು. ಎರಡು ತಿಂಗಳ ಹಿಂದೆ ಸಂಘದವರೆಲ್ಲ ಸೇರಿ ಉಡುಪಿ ಕಡೆಗೆ ಅಧ್ಯಯನ ಪ್ರವಾಸ ಹೋಗಿದ್ದರು. ಹೋಗುವ ಮೊದಲು ಸಂಘದ ಖಜಾಂಚಿ ಜೊತೆ ಕೆಲವು ಮೆಸೇಜುಗಳು ಓಡಾಡಿದ್ದವು. ಕಳ್ಳು ಎಲ್ಲಿ ಸಿಗುತ್ತೆ. ಬೆಳಿಗ್ಗೆ ಇಳಿಸಿದ ಕಳ್ಳು ಸಿಹಿ ಇರುತ್ತಂತೆ, ಸಂಜೆ ಹೊತ್ತಿಗೆ ಹುಳಿ ಬಂದು ಏರುತ್ತಂತೆ, ಹಾಗಾಗಿ ಬೆಳಿಗ್ಗೆಯ ಕಳ್ಳು ಕುಡಿದರೆ ತಪ್ಪಿಲ್ಲವಂತೆ. ಅದು ಒಂದು ತರಹ ಎಳನೀರೇ ಅಂತೆ. ಎಲ್ಲ ಅಂತೆ.

"ಕುಡಿದಿಲ್ಲ" ಅಂದರು ಭಾವ. "ರುಚಿ ನೋಡಿದ್ದು."

"ಬೆಳಿಗ್ಗೇದೋ ಸಂಜೇದೋ?" ಅಂತ ಅಕ್ಕ ಕೇಳಿದಳು.

ಇದಕ್ಕೆ ಭಾವ ಕೊಟ್ಟ ಉತ್ತರ ನನಗೆ ಸರಿಯಾಗಿ ಕೇಳಿಸಲಿಲ್ಲ. ಅಕ್ಕ ಆಮೇಲೆ ಮೆಲ್ಲಗೆ, "ಅಂದರೆ ಆ ಮಾರ್ಟಿನಿನೂ..." ಅಂದಳು. ಭಾವ ಎದ್ದು ಕೈ ತೊಳೆಯಲು ಹೋದರು. ಮಾರ್ಟಿನಿಯ ವಿಷಯದಲ್ಲಿ ಅವರು ಅಪ್ಪಟ ನಿರಪರಾಧಿ. ಆದರೆ ಒಂದು ಕೇಸಿನಲ್ಲಿ ತಪ್ಪಿತಸ್ಥ ಅಂತಾದ ಮೇಲೆ ಇನ್ನೊಂದರಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ ಅಂತ ಅವರಿಗೆ ಗೊತ್ತು. ಸಂಘದ ಎಷ್ಟೋ ಸಾಲದ ಕೇಸು ನೋಡಿದವರು.

ಮನೆ ಕಟ್ಟಿ ಮುಗಿಯಿತು. ಹಾಲು ಉಕ್ಕಿಸಲು ಒಂದು ಶುಕ್ರವಾರ ನಿಗದಿಯಾಯಿತು. ಕಾರ್ಡಿಗೆ ಬೇಕಾದ ಒಕ್ಕಣೆಯನ್ನು ಭಾವ ಫೋನಿನಲ್ಲೇ ಬರೆದು ಪ್ರೆಸ್ಸಿಗೂ ಕಳಿಸಿದರು, ನಮ್ಮ ನೆಂಟರ ಗುಂಪಿಗೂ ಹಾಕಿದರು. ಹಾಕಿ ಸ್ನಾನಕ್ಕೆ ಹೋದರು. ಸ್ನಾನ ಆದ ಮೇಲೆ ಪೂಜೆ. ಭಾವನ ಪೂಜೆ ಅಂದರೆ ನಲವತ್ತು ನಿಮಿಷ.

ಗುಂಪಿನಲ್ಲಿ ಇದ್ದದ್ದು ಹೀಗೆ. "ನಿಮ್ಮೆಲ್ಲರ ಆಶೀರ್ವಾದದಿಂದ ಶುಕ್ರವಾರ ಬೆಳಿಗ್ಗೆ 6ಕ್ಕೆ ನಮ್ಮ ಹೊಸ ಮನೆ ಹಾಳು ಉಕ್ಕಿಸುವ ಕಾರ್ಯ. ಇದನ್ನೇ ಖುದ್ದು ಕರೆ ಅಂತ ತಿಳಿದು ಎಲ್ಲರೂ ಬಂದು ನಡೆಸಿಕೊಡಬೇಕು."

ಮನೆ ಹಾಳು ಮಾಡಲು ನೆಂಟರಿಗೆ ಖುದ್ದು ಕರೆ. ಅದೂ ಅವರ ಆಶೀರ್ವಾದದಿಂದಲೇ.

ನಾನು ನೋಡಿದಾಗ ಅದರ ಕೆಳಗೆ 23 ಜನ ಕೈ ಮುಗಿದಿದ್ದರು. ಆರು ಜನ "ಶುಭವಾಗಲಿ" ಅಂದಿದ್ದರು. ಒಬ್ಬರು "ಅಂತೂ ನಿಮ್ಮ ಬಹುದಿನದ ಕನಸು ನನಸಾಯಿತು" ಅಂತ ಬರೆದಿದ್ದರು. ಯಾರೂ ಓದಿರಲಿಲ್ಲ. ಗುಂಪಿನಲ್ಲಿ ಪೂರ್ತಿ ಓದುವವರು ಅಂದರೆ ದಾವಣಗೆರೆ ಅತ್ತೆ ಒಬ್ಬರೇ. ಅವರು ಓದಿ, ಎರಡನೇ ಸಲ ಕನ್ನಡಕ ಹಾಕಿಕೊಂಡು ಓದಿ, ಅಕ್ಕನಿಗೆ ಫೋನ್ ಮಾಡಿದರು. "ಏನಮ್ಮಾ, ಮನೆಯಲ್ಲಿ ಏನಾದ್ರೂ ಜಗಳ ಆಯ್ತಾ?"

ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು ತಿದ್ದಬಹುದು, ಆದರೆ 15 ನಿಮಿಷದ ಒಳಗೆ. ಭಾವ ಆಗ ಮಂಗಳಾರತಿಯ ಹತ್ತಿರ ಇದ್ದರು. ಹೊರಗೆ ಬರುವ ಹೊತ್ತಿಗೆ ತಿದ್ದುವ ಗಡುವು ಮುಗಿದಿತ್ತು. ಅಳಿಸಿ ಹಾಕುವ ದಾರಿ ಇನ್ನೂ ಇತ್ತು, ಅದಕ್ಕೆ ಜಾಸ್ತಿ ಹೊತ್ತು ಕೊಡುತ್ತಾರೆ. ಆದರೆ 23 ಜನ ಕೈ ಮುಗಿದ ಮೇಲೆ ಅಳಿಸುವುದು ಅಪಶಕುನ ಅಂತ ಭಾವನಿಗೆ ಅನಿಸಿತು. ತಿದ್ದುಪಡಿ ಹಾಕಿದರೆ ಸಾಕು ಅಂತ ಒದ್ದೆ ತಲೆಯಲ್ಲೇ ಕೂತು ಟಕಟಕ ಕುಟ್ಟಿದರು.

"ಕ್ಷಮಿಸಿ. ತಪ್ಪಾಗಿದೆ. ಹಾಳು ಅಲ್ಲ, ಹಾಳು ಎಂದು ಓದಿಕೊಳ್ಳಬೇಕಾಗಿ ವಿನಂತಿ."

ಹೋಯಿತು. ಈ ಸಲ ಭಾವ ಪರದೆ ನೋಡಿದರು, ಆದರೆ ಕಳಿಸಿದ ಮೇಲೆ. ಬೆವರು ಬಂತು. ಮತ್ತೆ ಕುಟ್ಟಿದರು.

"ಹಸುವಿನ ಹಾಳು."

ದಾವಣಗೆರೆ ಅತ್ತೆ ಗುಂಪಿನಲ್ಲೇ ಕೇಳಿದರು. "ಹಸು ಯಾವಾಗ ತಗೊಂಡ್ರಿ? ಅದಕ್ಕೂ ಏನಾಯ್ತು?"

ಅಷ್ಟರಲ್ಲಿ ಅಳಿಯ ಓಡಿ ಬಂದು ಫೋನ್ ಕಿತ್ತುಕೊಂಡ. ಪಟ್ಟಿಯಲ್ಲಿ ಎರಡನೆಯದಾಗಿ ಕೂತಿದ್ದ ಹಾಲನ್ನು ಬೆರಳಿಂದ ಮುಟ್ಟಿ ಆರಿಸಿ, ಸರಿಯಾಗಿ ಬರೆದು ಹಾಕಿದ. ಅದಕ್ಕೂ 19 ಜನ ಕೈ ಮುಗಿದರು.

ಕಾರ್ಡು ಮಾತ್ರ ಸರಿಯಾಗಿ ಬಂದಿತ್ತು. ಅದರ ಹಿಂದೆ ಪ್ರೆಸ್ಸಿನ ಡಿಟಿಪಿ ಹುಡುಗಿ ಇದ್ದಳು. ಫೋನಿನಿಂದ ಬರುವ ಕನ್ನಡ ಯೂನಿಕೋಡು. ಪ್ರೆಸ್ಸಿನ ಹಳೆಯ ಪೇಜ್‌ಮೇಕರಿನಲ್ಲಿ ಇರುವುದು ನುಡಿಯ ಹಳೆಯ ಫಾಂಟು. ನೇರವಾಗಿ ಅಂಟಿಸಿದರೆ ಅಕ್ಷರ ಕಲಸುಮೇಲೋಗರ ಆಗುತ್ತೆ. ಕನ್ವರ್ಟ್ ಮಾಡಬಹುದು, ಆದರೆ ಇರುವುದು ನಾಲ್ಕು ಸಾಲು, ಅದಕ್ಕೆ ಅವಳು ನೋಡಿಕೊಂಡು ತಾನೇ ಹೊಡೆದಳು. ಳ ಬಂದ ಕಡೆ ಶಿಫ್ಟ್ ಹಿಡಿಯಬೇಕಲ್ಲ, ಕೈ ತಡೆಯಿತು. ಫೋನ್ ಮಾಡಿ, "ಸಾರ್, ಇದು ಹಾಲಾ, ಹಾಳಾ?" ಅಂತ ಕೇಳಿದಳು. ಆ ಫೋನ್ ಎತ್ತಿದ್ದು ಅಕ್ಕ. "ಈಗಿನ್ನೂ ಹಾಲೇ ಕಣಮ್ಮ" ಅಂದಳಂತೆ.

ಸಂಜೆ ಅಳಿಯ ತನಿಖೆಗೆ ಕೂತ. ಭಾವನ ವಾಟ್ಸಾಪಿನ ಹುಡುಕುವ ಜಾಗದಲ್ಲಿ ಹಾಲು ಅಂತ ಹಾಕಿದ. ಎರಡು ಸಿಕ್ಕಿದವು. ಹಾಳು ಅಂತ ಹಾಕಿದ. ಬೆರಳಲ್ಲಿ ಎಷ್ಟು ತಳ್ಳಿದರೂ ಮುಗಿಯಲಿಲ್ಲ. ಪ್ರಿಂಟರ್ ಹಾಳು. ರಸ್ತೆ ಹಾಳು. ಹಾಳು ಮಳೆ, ಹಾಳು ಮೇಸ್ತ್ರಿ, ಹಾಳು ಬಿಸಿಲು. ಈಗಿನ ಹುಡುಗರು ಹಾಳು, ಆ ಹುಡುಗರನ್ನು ಹಾಳು ಮಾಡಿದ ಮೊಬೈಲ್ ಹಾಳು. ಸಾಲ ಕಟ್ಟದವರಿಗೆ ಕಳಿಸಿದ ನೋಟಿಸುಗಳಲ್ಲಿ ಸಂಘದ ಹೆಸರು ಹಾಳು. ಹಾಲಿನ ವ್ಯವಹಾರವೆಲ್ಲ ಅಕ್ಕನದು, ಅವಳು ಹಾಲಿನವನಿಗೆ ಕೂಗಿ ಹೇಳುತ್ತಾಳೆ, ಮೆಸೇಜು ಮಾಡುವುದಿಲ್ಲ.

"ಇದು ಒಂದು ಕಾರಣ" ಅಂದ ಅಳಿಯ. "ಇನ್ನೊಂದು ಇದೆ. ಇದು ಪದವನ್ನ ಒಂಟಿಯಾಗಿ ನೋಡಲ್ಲ, ಹಿಂದಿನ ಪದವನ್ನೂ ನೋಡುತ್ತೆ. ಹಿಂದೆ ಮನೆ ಅಂತ ಇದೆ. ಕನ್ನಡದಲ್ಲಿ ಮನೆ ಆದ ಮೇಲೆ ಹಾಳು ಬರುವುದು ಎಷ್ಟು ಮಾಮೂಲಿ ಅಲ್ವಾ? ಮನೆ ಹಾಳಾಯ್ತು, ಮನೆ ಹಾಳು ಮಾಡಿದ, ಮನೆಹಾಳ. ಮನೆ ಹಾಲು ಅಂತ ವರ್ಷಕ್ಕೆ ಎಷ್ಟು ಸಲ ಬರೀತೀವಿ?"

"ಅಂದರೆ ಫೋನ್‌ದು ತಪ್ಪಿಲ್ಲ ಅಂತೀಯಾ?" ಅಂದರು ಭಾವ, ಬೇಜಾರಾಗಿ.

"ನೋಡಿದರೆ ಇಲ್ಲ ಅಪ್ಪ. ನೀನು ತಿದ್ದುಪಡಿ ಹಾಕಿದೆಯಲ್ಲ, ಅದರಲ್ಲೂ ಹಾಳು ಅಂತಲೇ ಸ್ಪೇಸ್ ಒತ್ತಿದೆ. ಹಾಗೆ ಒತ್ತಿದಷ್ಟೂ ಅದಕ್ಕೆ, ಹೌದು ಇವರಿಗೆ ಬೇಕಾದ್ದು ಇದೇ, ಅಂತ ಗಟ್ಟಿಯಾಗುತ್ತೆ."

ನನಗೆ ಭಾವನನ್ನು ನೋಡಿ ಅಯ್ಯೋ ಅನಿಸಿತು. ಬೈಗುಳ ಅಂತ ಬಾಯಲ್ಲಿ ಅಂದರೆ ಗಾಳಿಗೆ ಹೋಗುತ್ತೆ. ನಮ್ಮ ಅಜ್ಜಿ ದಿನಕ್ಕೆ ಐವತ್ತು ಸಲ ಹಾಳಾದವನೇ ಅನ್ನುತ್ತಿದ್ದಳು, ಅವಳು ಹಾಲು ಅಂದಾಗ ಯಾರಿಗೂ ಹಾಳು ಅಂತ ಕೇಳಿಸಲಿಲ್ಲ.

ಪರಿಹಾರ ಅಂತ ಅಳಿಯ ಎರಡು ಕೆಲಸ ಮಾಡಿದ. ಕೀಬೋರ್ಡಿನ ಸ್ವಂತ ಡಿಕ್ಷನರಿಯಲ್ಲಿ ಹಾಲು ಅನ್ನುವ ಪದ ಸೇರಿಸಿ, ಅದಕ್ಕೆ `hl` ಅಂತ ಒಂದು ಗುರುತು ಕೊಟ್ಟ. ಆ ಎರಡು ಅಕ್ಷರ ಹೊಡೆದರೆ ಪಟ್ಟಿಯಲ್ಲಿ ಹಾಲು ಬಂದು ನಿಲ್ಲುತ್ತೆ. ಆಮೇಲೆ ಸೆಟಿಂಗ್ಸಿನಲ್ಲಿ `Privacy` ಒಳಗೆ ಹೋಗಿ `Delete learned words and data` ಒತ್ತಿಬಿಟ್ಟ. ಅಷ್ಟು ದಿನ ಕಲಿತದ್ದೆಲ್ಲ ಅಳಿಸಿಹೋಯಿತು. ಹಾಳೂ ಹೋಯಿತು, ಕಳ್ಳೂ ಹೋಯಿತು. ಒಂದು ತೊಂದರೆ ಅಂದರೆ, ಬೇಕಾದದ್ದೂ ಜೊತೆಗೇ ಹೋಗುತ್ತೆ. ಕಷ್ಟಪಟ್ಟು ಕಲಿಸಿದ್ದ ಬೆಳ್ಳಾವಿ ಈಗ ಬೆಲ್ಲವಿ ಆಗಿದೆ. ಸಂಘದ ಅರ್ಧ ಸಾಲಗಾರರು ಆ ಕಡೆಯವರೇ. ಭಾವ ಒಬ್ಬೊಬ್ಬರನ್ನೇ ಮತ್ತೆ ಕಲಿಸುತ್ತಿದ್ದಾರೆ.

ಹಾಲು ಚೆನ್ನಾಗಿ ಉಕ್ಕಿತು. ದಾವಣಗೆರೆ ಅತ್ತೆ ಬಂದಿದ್ದರು, ಕೊಟ್ಟಿಗೆ ಎಲ್ಲಿದೆ ಅಂತ ಕೇಳಿದರು.

ಈ ಗಲಾಟೆಯಲ್ಲಿ ನಿಜವಾಗಿ ಏನಾದರೂ ಕಲಿತವಳು ಅಂದರೆ ಅಕ್ಕ. ಅವಳಿಗೆ ಸೆಟಿಂಗ್ಸ್, ಡಿಕ್ಷನರಿ ಇದೆಲ್ಲ ಬೇಡ. ಒಂದು ವಿಷಯ ಅರ್ಥವಾಗಿದೆ, ಅಷ್ಟು ಸಾಕು. ವಾರಕ್ಕೊಮ್ಮೆ ಭಾವ ಸ್ನಾನಕ್ಕೆ ಹೋದಾಗ ಅವರ ಫೋನ್ ತೆಗೆದು, ಕನ್ನಡ ಕೀಬೋರ್ಡಿನಲ್ಲಿ ನಿಧಾನವಾಗಿ `kallu` ಅಂತ ಹೊಡೆಯುತ್ತಾಳೆ. ಮೊದಲು ಏನು ಬರುತ್ತೆ ಅಂತ ನೋಡುತ್ತಾಳೆ. ಕಲ್ಲು ಬಂದರೆ ಅಳಿಸಿ ಫೋನನ್ನು ಇದ್ದ ಜಾಗದಲ್ಲೇ ಇಡುತ್ತಾಳೆ. ಪೊಲೀಸಿನವರು ಬಾಯಿಗೆ ಇಟ್ಟು ಊದಿಸುತ್ತಾರಲ್ಲ, ಅದಕ್ಕಿಂತ ಇದು ಸುಲಭ. ಇವರು ಊದಲೂ ಬೇಕಿಲ್ಲ.

ಭಾವನಿಗೆ ಇದು ಗೊತ್ತು. ಗೊತ್ತಿದೆ ಅಂತ ನನಗೆ ತಿಳಿದದ್ದು ಹೋದ ತಿಂಗಳು. ಸಂಘದವರು ಮತ್ತೆ ಉಡುಪಿಗೆ ಅಧ್ಯಯನ ಪ್ರವಾಸ ಹೊರಟಿದ್ದರು, ಅಧ್ಯಯನ ಮಾಡುವುದು ಇನ್ನೂ ಬಾಕಿ ಇತ್ತಂತೆ. ಬಸ್ಸಿನಲ್ಲಿ ಎರಡು ಸೀಟು ಖಾಲಿ, ನಾನೂ ಹೋಗಿದ್ದೆ. ಬೆಳಿಗ್ಗೆ ನಾನು ರೂಮಿನಲ್ಲಿ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಭಾವನ ಮೆಸೇಜು ಬಂತು. ಕನ್ನಡ ಕೀಬೋರ್ಡ್ ಮುಟ್ಟಬಾರದು ಅಂತ ಹುಷಾರಾಗಿ ಇಂಗ್ಲಿಷಿನದಕ್ಕೆ ಹೋಗಿದ್ದಾರೆ. ಕಳ್ಳಿಗೆ ಇಂಗ್ಲಿಷ್ ಪದವನ್ನೇ ಹುಡುಕಿದ್ದಾರೆ, ಸ್ಪೆಲ್ಲಿಂಗ್ ಮಾತ್ರ ತಮ್ಮದೇ, `todi` ಅಂತ. ಮದುವೆಯಾದ ಹೊಸದರಲ್ಲಿ ನನ್ನನ್ನು ಬಹುವಚನದಲ್ಲಿ ಮಾತಾಡಿಸಲು ಶುರು ಮಾಡಿದವರು ಇವತ್ತಿಗೂ ಬಿಟ್ಟಿಲ್ಲ, ಹಾಗಾಗಿ ಕೊನೆಗೆ ಬನ್ನಿ. ಪರದೆ ಎಂದಿನಂತೆ ನೋಡಿಲ್ಲ.

`Today die Bunny.`

ಪಕ್ಕದ ಹಾಸಿಗೆಯ ಖಜಾಂಚಿ ನನ್ನ ಫೋನಿಗೆ ಇಣುಕಿ ನೋಡಿ ಗಾಬರಿಯಾದರು. ನಾನು ಚಪ್ಪಲಿ ಮೆಟ್ಟಿಕೊಂಡು, "ಏನಿಲ್ಲ ಸಾರ್, ಕಲ್ಲು ನೋಡೋಕೆ ಕರೀತಿದ್ದಾರೆ" ಅಂದೆ.

"ಬೆಳಗಿನದಾ?" ಅಂತ ಅವರೂ ಎದ್ದರು.